ಮಾತಿನ ಪರೀಕ್ಷೆ: ಅಂಕ ಕೊಡುವ ಮುನ್ನ ಅಳತೆ ಗಟ್ಟಿಮಾಡಿ

ಬೆಂಗಳೂರಿನ ಕಚೇರಿಗಳಲ್ಲಿ, ಅಪಾರ್ಟ್‌ಮೆಂಟ್‌ಗಳಲ್ಲಿ ಕನ್ನಡೇತರರಿಗೆ ಮಾತಾಡುವ ಕನ್ನಡ ಕಲಿಸುವ ತರಗತಿಗಳು ನಡೆಯುತ್ತವೆ. ಕೊನೆಗೆ ಪರೀಕ್ಷೆ ಇಡುವಾಗ ಶಿಕ್ಷಕರು ನಾಲ್ಕು ಪ್ರಶ್ನೆ ಕೇಳಿ ಅಂದಾಜಿನಲ್ಲಿ ಅಂಕ ಹಾಕುವುದುಂಟು. ಚುರುಕಾಗಿ ಮಾತಾಡಿದವರಿಗೆ ಎಲ್ಲದರಲ್ಲೂ ಹೆಚ್ಚು, ತಡವರಿಸಿದವರಿಗೆ ಎಲ್ಲದರಲ್ಲೂ ಕಡಿಮೆ. ಇದನ್ನು ತಪ್ಪಿಸಲು ಆಲಿಸುವಿಕೆ, ಮಾತು, ಉಚ್ಚಾರ ಮೂರನ್ನೂ ಬೇರೆಬೇರೆಯಾಗಿ ಅಳೆಯಬೇಕು. ಮೂರು ತಿಂಗಳ ಆರಂಭಿಕ ತರಗತಿಗೆ ಒಪ್ಪುವ 40 ಅಂಕಗಳ ಒಂದು ಮಾದರಿ ಇಲ್ಲಿದೆ. ಒಬ್ಬರಿಗೆ ಸುಮಾರು 12 ನಿಮಿಷ ಸಾಕು. ಪರೀಕ್ಷಕರು ಇಬ್ಬರಿರಲಿ: ಒಬ್ಬರು ಮಾತಾಡಿಸಲಿ, ಇನ್ನೊಬ್ಬರು ಕೇಳಿ ಬರೆದುಕೊಳ್ಳಲಿ.

1. ಆಲಿಸುವಿಕೆ (10 ಅಂಕ)

ಒಂದು ನಿಮಿಷದೊಳಗಿನ ಮಾತನ್ನು ಮೊದಲೇ ಧ್ವನಿಮುದ್ರಿಸಿ ಎರಡು ಸಲ ಕೇಳಿಸಿ. ಪುಸ್ತಕದ ‘ಬರುತ್ತೇನೆ’ ಬೇಡ, ಬೀದಿಯ ‘ಬರ್ತೀನಿ’ ಇರಲಿ. ಉದಾಹರಣೆಗೆ ಕಾವಲುಗಾರನ ಮಾತು: ‘ನಾಳೆ ನೀರು ಬರಲ್ಲ ಸರ್, ನಾಡಿದ್ದು ಬೆಳಗ್ಗೆ ಏಳೂವರೆಗೆ ಬಿಡ್ತಾರೆ.’ ನೀರು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿ. ಇಂಥ ಐದು ಪ್ರಶ್ನೆ, ತಲಾ ಎರಡು ಅಂಕ.

ಉತ್ತರವನ್ನು ಚಿತ್ರಕ್ಕೆ ಗುರುತು ಹಾಕಿಯೋ ಅಂಕಿ ಬರೆದೋ ಕೊಡುವಂತಿರಲಿ. ಕನ್ನಡದಲ್ಲೇ ಹೇಳಬೇಕೆಂದರೆ ಅದು ಮತ್ತೆ ಮಾತಿನ ಪರೀಕ್ಷೆಯಾಗುತ್ತದೆ. ಧ್ವನಿ ಕೇಳಿಸದೆಯೇ ಪ್ರಶ್ನೆಗಳನ್ನು ಒಬ್ಬರಿಗೆ ಕೊಟ್ಟು ನೋಡಿ. ಊಹೆಯಿಂದಲೇ ಸರಿಯುತ್ತರ ಸಿಗುವ ಪ್ರಶ್ನೆಯನ್ನು ಕೈಬಿಡಿ.

2. ಉಚ್ಚಾರ (10 ಅಂಕ)

ಲಿಪಿ ಕಲಿಯದವರಿಗೆ ಓದಿಸುವಂತಿಲ್ಲ, ಚಿತ್ರ ತೋರಿಸಿ ಹೆಸರು ಹೇಳಿಸಿ. ಹುಲಿ–ಹುಳಿ, ಬಲೆ–ಬಳೆ, ಮನೆ–ಮಣೆ, ಹಲ್ಲು–ಹಾಲು, ಕತ್ತೆ–ಕತೆ, ಈ ಐದು ಜೋಡಿ ಸಾಕು. ಪದಗಳನ್ನು ತರಗತಿಯಲ್ಲಿ ಮೊದಲೇ ಕಲಿಸಿರಬೇಕು. ಪ್ರತಿ ಜೋಡಿಯಲ್ಲಿ ಒಂದನ್ನು ಅಭ್ಯರ್ಥಿಗೆ ತೋರಿಸಿ. ಅದು ಕಾಣದಂತೆ ಕುಳಿತ ಎರಡನೇ ಪರೀಕ್ಷಕರು ತಮಗೆ ಕೇಳಿಸಿದ ಪದವನ್ನು ಬರೆದುಕೊಳ್ಳಲಿ. ಹೊಂದಿದರೆ ಒಂದು ಅಂಕ.

ಉಳಿದ ಐದು ಅಂಕ ಮುಂದಿನ ಸಂಭಾಷಣೆಯಲ್ಲಿ ಕೇಳಿಸುವ ಸ್ಪಷ್ಟತೆಗೆ:

- 5: ತಾಯ್ನುಡಿಯ ಧಾಟಿ ಇದ್ದರೂ ಎಲ್ಲವೂ ಒಮ್ಮೆಗೇ ತಿಳಿಯುತ್ತದೆ.
- 3: ಅಲ್ಲಲ್ಲಿ ಮತ್ತೆ ಹೇಳಿಸಬೇಕಾಗುತ್ತದೆ.
- 1: ಬಹುಪಾಲು ತಿಳಿಯುವುದಿಲ್ಲ.

ನಡುವೆ ನಿಲ್ಲುವವರಿಗೆ 4 ಅಥವಾ 2. ಮಹಾಪ್ರಾಣ ಸಡಿಲವಾದರೆ ಅಂಕ ಕಳೆಯಬೇಡಿ. ಆಡುಮಾತಿನಲ್ಲಿ ಕನ್ನಡಿಗರೇ ಅದನ್ನು ಅನೇಕ ಕಡೆ ಬಿಡುತ್ತಾರೆ.

3. ಮಾತು (20 ಅಂಕ)

ಮೊದಲ ಒಂದು ನಿಮಿಷ ಊರು, ಕೆಲಸ ವಿಚಾರಿಸಿ, ಅದಕ್ಕೆ ಅಂಕವಿಲ್ಲ. ಆಮೇಲೆ ಅಭ್ಯರ್ಥಿಗೆ ಗೊತ್ತಿರುವ ಭಾಷೆಯಲ್ಲಿ ಬರೆದ ಚೀಟಿ ಕೊಡಿ: ‘ಅಡುಗೆಮನೆಯ ನಲ್ಲಿ ಸೋರುತ್ತಿದೆ. ಪ್ಲಂಬರ್‌ಗೆ ಫೋನ್ ಮಾಡಿ ಇವತ್ತೇ ಕರೆಯಿರಿ, ಎಷ್ಟಾಗುತ್ತದೆ ಕೇಳಿ, ವಿಳಾಸ ಹೇಳಿ.’ ಪ್ಲಂಬರ್ ಆದ ಪರೀಕ್ಷಕರು ಚೀಟಿಯಲ್ಲಿಲ್ಲದ ಒಂದು ಮಾತು ಎಸೆಯಬೇಕು: ‘ಇವತ್ತು ಆಗಲ್ಲ, ನಾಳೆ ಬರ್ತೀನಿ.’ ಬಾಯಿಪಾಠ ಮಾಡಿ ಬಂದವರು ಇಲ್ಲಿ ನಿಂತುಬಿಡುತ್ತಾರೆ. ಎಲ್ಲರಿಗೂ ಇದೇ ಮಾತು, ಯೋಚಿಸಲು ಅಷ್ಟೇ ಸಮಯ.

ಬಂದ ಶ್ರೇಣಿಯನ್ನು ನಾಲ್ಕರಿಂದ ಗುಣಿಸಿ:

- 5: ಕೆಲಸ ಪೂರ್ತಿ ಆಯಿತು, ಅನಿರೀಕ್ಷಿತ ಮಾತಿಗೂ ಸಲೀಸಾಗಿ ಉತ್ತರಿಸಿದರು.
- 3: ಮುಖ್ಯ ಕೆಲಸ ಆಯಿತು. ವ್ಯಾಕರಣ ತಪ್ಪಿದೆ, ಆದರೂ ಅರ್ಥ ಕೆಟ್ಟಿಲ್ಲ.
- 1: ಬಿಡಿ ಪದಗಳಷ್ಟೇ ಬಂದವು, ಕೆಲಸ ಆಗಲಿಲ್ಲ.

ಇಲ್ಲೂ ನಡುವಿನವರಿಗೆ 4 ಅಥವಾ 2.

ಒಂದು ಉದಾಹರಣೆ

ಹಿಂದಿ ತಾಯ್ನುಡಿಯ ಅಭ್ಯರ್ಥಿಯೊಬ್ಬರು ಹೀಗೆ ಹೇಳಿದರೆನ್ನಿ: ‘ನಲ್ಲಿ ಸೋರ್ತಾ ಇದೆ. ನಿನ್ನೆ ಕೂಡ ಸೋರ್ತಾ ಇದೆ. ಇವತ್ತು ಬನ್ನಿ.’ ನಾಳೆ ಎಂದಾಗ, ‘ನಾಲೆ ಬೆಲಿಗ್ಗೆ ಬನ್ನಿ, ಆಮೇಲೆ ನಾನು ಆಫೀಸ್ ಹೋಗಬೇಕು.’ ವಿಳಾಸ ಹೇಳಿದರು, ದುಡ್ಡು ಎಷ್ಟೆಂದು ಕೇಳಲು ಮರೆತರು. ‘ನಿನ್ನೆ’ ಜತೆ ‘ಇತ್ತು’ ಬರಬೇಕಿತ್ತು, ‘ಆಫೀಸ್‌ಗೆ’ ಆಗಬೇಕಿತ್ತು. ಅರ್ಥ ಮಾತ್ರ ಕೆಟ್ಟಿಲ್ಲ, ತಿರುವನ್ನೂ ನಿಭಾಯಿಸಿದರು. ಶ್ರೇಣಿ 3, ಅಂಕ 12. ‘ನಾಲೆ’, ‘ಬೆಲಿಗ್ಗೆ’ ತಪ್ಪುಗಳನ್ನು ಇಲ್ಲಿ ಎಣಿಸಬಾರದು, ಅವು ಉಚ್ಚಾರದ ಲೆಕ್ಕ. ಅಲ್ಲಿ ಚಿತ್ರಗಳಿಗೆ 3, ಸ್ಪಷ್ಟತೆಗೆ 4, ಒಟ್ಟು 7. ಆಲಿಸುವಿಕೆಯಲ್ಲಿ ನಾಲ್ಕು ಉತ್ತರ ಸರಿ, 8. ಕೂಡಿದರೆ 27.

4. ಪರೀಕ್ಷಕರ ತಾಳೆ

ಪರೀಕ್ಷೆಗೆ ಮುನ್ನ ನಾಲ್ಕೈದು ಮಾದರಿ ಧ್ವನಿಮುದ್ರಿಕೆಗಳಿಗೆ ಇಬ್ಬರೂ ಒಬ್ಬರದನ್ನೊಬ್ಬರು ನೋಡದೆ ಶ್ರೇಣಿ ಕೊಡಿ. ಎರಡು ಶ್ರೇಣಿಯ ಅಂತರ ಬಂದರೆ ಶ್ರೇಣಿಯ ವಿವರಣೆ ಸಡಿಲವಾಗಿದೆ ಎಂದರ್ಥ, ತಿದ್ದಿ ಬರೆಯಿರಿ. ಪರೀಕ್ಷೆಯ ದಿನ ಒಂದು ಶ್ರೇಣಿ ವ್ಯತ್ಯಾಸವಾದರೆ ಸರಾಸರಿ ಹಿಡಿಯಿರಿ; ಹೆಚ್ಚಾದರೆ ಮೂರನೆಯವರಿಗೆ ಧ್ವನಿಮುದ್ರಿಕೆ ಕೇಳಿಸಿ. ಅದಕ್ಕಾಗಿ ಅಭ್ಯರ್ಥಿಯ ಒಪ್ಪಿಗೆ ಪಡೆದು ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಿರಿ.

ಫಲಿತಾಂಶದ ಚೀಟಿಯಲ್ಲಿ 27 ಎಂದಷ್ಟೇ ಬರೆಯದೆ 8, 7, 12 ಎಂದು ಬಿಡಿಸಿ ಬರೆಯಿರಿ. ಮುಂದೆ ಏನು ಕಲಿಯಬೇಕೆಂದು ಅಭ್ಯರ್ಥಿಗೆ ತಿಳಿಯುವುದು ಆ ಮೂರು ಅಂಕಿಗಳಿಂದಲೇ.