ಸಾಹೇಬರ 58 ಡಿಗ್ರಿ

"ಏನ್ರೀ ಮೇಷ್ಟ್ರೇ, ಇದು ಗಣಿತದ ಕ್ಲಾಸೋ, ಪೇಪರ್ ದೋಣಿ ಮಾಡೋ ಕ್ಲಾಸೋ?"

ಆರನೇ ತರಗತಿಯ 31 ಮಕ್ಕಳ ಎದುರಿಗೆ, ಶಾಲೆ ತಪಾಸಣೆಗೆ ಬಂದ ಸಾಹೇಬರು ಹೀಗೆ ಕೇಳಿದಾಗ ಉತ್ತರ ನನ್ನ ಕೈಯಲ್ಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಎರಡು ವರ್ಷ ಕಳೆದರೂ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಕೂತಿದೆ. ನನ್ನ ಹಾಗೆ ಬರಿಗೈಲಿ ರೇಖಾಗಣಿತ ಮಾಡಬೇಕಾದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಅರ್ಧ ಮಾತ್ರ. ಇನ್ನರ್ಧ ಹೊಟ್ಟೆಯುರಿ.

ಆ ವರ್ಷ ಜಾಮೆಟ್ರಿ ಬಾಕ್ಸ್ ಇದ್ದದ್ದು ಇಬ್ಬರು ಮಕ್ಕಳ ಹತ್ತಿರ. ಒಂದರಲ್ಲಿ ಕೈವಾರಕ್ಕೆ ಮುಳ್ಳಿರಲಿಲ್ಲ, ಇನ್ನೊಂದರಲ್ಲಿ ಬರೀ ಹುಣಸೆಬೀಜ. ಬೋರ್ಡಿಗೆ ಹಿಡಿಯುವ ಶಾಲೆಯ ಮರದ ಕೋನಮಾಪಕವನ್ನು ಗೆದ್ದಲು ತಿಂದಿತ್ತು. ಮುಖ್ಯ ಗುರುಗಳನ್ನು ಕೇಳಿದರೆ "ಅನುದಾನ ಬರ್ಲಿ, ನೋಡೋಣ" ಅಂದರು. ಅನುದಾನ ಬರುವ ಹೊತ್ತಿಗೆ ಕೋನದ ಪಾಠ ಮುಗಿದು ಭಿನ್ನರಾಶಿಗೆ ಬಂದಿರುತ್ತೇವೆ ಅನ್ನುವುದು ಅವರಿಗೂ ಗೊತ್ತು, ನನಗೂ ಗೊತ್ತು.

ಮೊದಲು ಪೊರಕೆ ಕಡ್ಡಿ ಹಿಡಿದೆ. ಎರಡು ತೆಂಗಿನ ಕಡ್ಡಿಯ ತುದಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ಒಂದಿಂಚು ತುಂಡಿನ ಎರಡು ಬಾಯಿಗೆ ಸಿಕ್ಕಿಸಿ ಬಗ್ಗಿಸಿದರೆ, ತೆರೆದು ಮುಚ್ಚುವ ಕೋನ ಸಿದ್ಧ. ಮೊಳದುದ್ದದ ಕಡ್ಡಿಯ ಕೋನ, ಗೇಣುದ್ದದ ಕಡ್ಡಿಯ ಕೋನ ಎರಡನ್ನೂ ಒಂದೇ ತಿರುವಿಗೆ ತೆರೆದು ಹಿಡಿದು "ಯಾವುದು ದೊಡ್ಡದು?" ಅಂದೆ. ಇಡೀ ತರಗತಿ ಉದ್ದದ್ದನ್ನು ತೋರಿಸಿತು. ಮಾತಾಡಲಿಲ್ಲ. ಕತ್ತರಿ ತಗೊಂಡು ಉದ್ದ ಕಡ್ಡಿಗಳನ್ನು ಅರ್ಧಕ್ಕೆ ಕತ್ತರಿಸಿ "ಈಗ?" ಅಂದೆ. ತುಂಡಾದದ್ದು ಬಾಹು, ಶೃಂಗದ ಹತ್ತಿರ ಏನೂ ಅಲ್ಲಾಡಲಿಲ್ಲ. ಕೋನ ಅಂದರೆ ಒಂದು ಬಾಹುವಿನಿಂದ ಇನ್ನೊಂದು ಎಷ್ಟು ತಿರುಗಿದೆ ಅನ್ನುವುದು ಆವತ್ತು ಹೆಚ್ಚಿನವರ ತಲೆಗೆ ಹೋಯಿತು. ಎಲ್ಲರ ತಲೆಗೂ ಹೋಯಿತು ಅಂದರೆ ಸುಳ್ಳಾಗುತ್ತದೆ.

ಆದರೆ ಕಡ್ಡಿಯಲ್ಲಿ ಅಳತೆ ಇಲ್ಲ. ಅಳತೆಗೆ ಕಾಗದ ಬೇಕು. ಇದೇನು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಕಾಗದ ಮಡಚಿಯೇ ರೇಖಾಗಣಿತ ಕಲಿಸುವ ಬಗ್ಗೆ ಟಿ. ಸುಂದರ ರಾವ್ ಅನ್ನುವವರು 1893ರಲ್ಲೇ ಮದರಾಸಿನಿಂದ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಹೊರತಂದಿದ್ದರು. ಸಾಹೇಬರಿಗೆ ಇದನ್ನೂ ಹೇಳಬಹುದಿತ್ತು.

ಲಂಬಕೋನಕ್ಕೆ ಕಾಗದದ ಅಂಚು ನೆಟ್ಟಗಿರಬೇಕಿಲ್ಲ. ನಾನು ಬೇಕಂತಲೇ ಅಡ್ಡಾದಿಡ್ಡಿ ಹರಿದ ನ್ಯೂಸ್‌ಪೇಪರ್ ಚೂರು ಕೊಟ್ಟೆ. ಒಮ್ಮೆ ಮಡಚಿ ಉಗುರಿನಲ್ಲಿ ತೀಡಿದರೆ ಬರುವ ಮಡಿಕೆ ಸರಳರೇಖೆ, ಅಂದರೆ 180 ಡಿಗ್ರಿ. ಆ ಮಡಿಕೆಯನ್ನು ಅದರ ಮೇಲೇ ಕೂರುವ ಹಾಗೆ ಮತ್ತೆ ಮಡಚಿದರೆ ಅರ್ಧ, 90. ಇಷ್ಟು ಸುಲಭದ ಕೆಲಸದಲ್ಲೂ ಮಕ್ಕಳು ಎಡವುವ ಜಾಗ ಒಂದಿದೆ. ಎರಡನೇ ಸಲ ಮಡಚುವಾಗ ಅವರು ಮಡಿಕೆಗೆ ಮಡಿಕೆ ಕೂಡಿಸುವುದಿಲ್ಲ, ಹರಿದ ಅಂಚಿಗೆ ಅಂಚು ಕೂಡಿಸುತ್ತಾರೆ. ಬಟ್ಟೆ ಮಡಚಿ ಅಭ್ಯಾಸವಾದ ಕೈ ಅದು. ಕಣ್ಣಿಗೆ ಲಂಬಕೋನದ ಹಾಗೇ ಕಾಣುತ್ತದೆ, ಆದರೆ 87 ಇರುತ್ತದೆ, ಇಲ್ಲಾ 93.

ಇದನ್ನು ಕೋನಮಾಪಕ ಇಲ್ಲದೆ ಹಿಡಿಯುವುದನ್ನು ತೋರಿಸಿದವಳು ಗಾರೆ ಕೆಲಸದವರ ಮಗಳು. ಪೂರ್ತಿ ಬಿಚ್ಚಿ, ಎರಡನೇ ಮಡಿಕೆಯ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ನೋಡಿದಳು. "ಸಾರ್, ಇದು ನಡುವೆ ಸೊಟ್ಟಗಿದೆ." ನಿಜ. ಎರಡನೇ ಮಡಿಕೆ ಎರಡು ಪದರಕ್ಕೂ ಒಟ್ಟಿಗೆ ಬಿದ್ದಿರುತ್ತದೆ. ಹಾಗಾಗಿ ಒಂದು ಬದಿ 87 ಬಂದರೆ ಬಿಚ್ಚಿದಾಗ ಮೇಲೂ 87, ಕೆಳಗೂ 87. ಎರಡೂ ಕೂಡಿ 174, ಗೆರೆ 6 ಡಿಗ್ರಿ ಮುರಿದಿರುತ್ತದೆ. ಮೂರರ ತಪ್ಪು ಆರಾಗಿ ಕಣ್ಣಿಗೆ ಬೀಳುತ್ತದೆ. "ಎಲ್ಲಿ ಕಲಿತೆ?" ಅಂದರೆ, ಅವರಪ್ಪ ಹೊಸ ಮೂಲೆಮಟ್ಟ ತಂದಾಗ ಗೋಡೆಗೆ ಹಿಡಿದು ಒಂದು ಗೆರೆ ಎಳೆಯುತ್ತಾರಂತೆ, ಮಗುಚಿ ಹಿಡಿದು ಅದೇ ಜಾಗದಿಂದ ಇನ್ನೊಂದು ಎಳೆಯುತ್ತಾರಂತೆ. ಗೆರೆಗಳು ಬೇರೆಬೇರೆಯಾದರೆ ಅಂಗಡಿಗೆ ವಾಪಸ್. ಅದೇ ಲೆಕ್ಕ.

ಲಂಬಕೋನವನ್ನು ಅರ್ಧ ಮಾಡಿದರೆ 45. ಅಲ್ಲಿಗೆ ನಿಲ್ಲಿಸಿ 60ಕ್ಕೆ ಹೋದೆ, ಯಾಕೆಂದರೆ 60ರಲ್ಲಿ ಮಜಾ ಇದೆ. ನೋಟ್‌ಬುಕ್ಕಿನ ಒಂದು ಹಾಳೆ. ಕೆಳಗಿನ ಅಂಚಿನ ಬಲಮೂಲೆಯನ್ನು ಎಡಮೂಲೆಗೆ ತಂದು ಉದ್ದಕ್ಕೆ ಮಡಚಿ ಬಿಚ್ಚಿದರೆ ನಡುಗೆರೆ. ಈಗ ಬಲಮೂಲೆಯನ್ನು ಎತ್ತಿ ನಡುಗೆರೆಯ ಮೇಲೆ ಇಡಬೇಕು, ಆದರೆ ಮಡಿಕೆ ಸರಿಯಾಗಿ ಎಡಮೂಲೆಯಿಂದಲೇ ಹೊರಡಬೇಕು. ಮೂಲೆ ನಡುಗೆರೆಯ ಮೇಲೆ ಒಂದೇ ಒಂದು ಜಾಗದಲ್ಲಿ ಕೂರುತ್ತದೆ. ಅಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟು, ಬಿಚ್ಚಿ, ಎಡಮೂಲೆಯಿಂದ ಚುಕ್ಕೆಗೆ ಗೆರೆ ಎಳೆದರೆ ಅಂಚಿಗೂ ಗೆರೆಗೂ ನಡುವೆ 60. ಮಡಿಕೆ ಇದನ್ನು ಅರ್ಧ ಮಾಡುತ್ತದೆ, 30.

ಯಾಕೆ 60? ಎಡಮೂಲೆಯಿಂದ ಚುಕ್ಕೆಗೆ ಇರುವ ಉದ್ದ ಕೆಳಗಿನ ಅಂಚಿನ ಉದ್ದವೇ, ಎತ್ತಿ ಇಟ್ಟದ್ದು ಅದೇ ಅಂಚಲ್ಲವೇ. ಚುಕ್ಕೆ ನಡುಗೆರೆಯ ಮೇಲಿರುವುದರಿಂದ ಎರಡೂ ಮೂಲೆಗೆ ಸಮದೂರ. ಮೂರು ಬದಿಯೂ ಸಮ ಆದಮೇಲೆ ಮೂರು ಕೋನವೂ ಸಮ. ಇಷ್ಟನ್ನು ಆ ಹುಡುಗಿ ಬೋರ್ಡಿಗೆ ಬಂದು ತಾನೇ ಹೇಳಿದಳು. 45, 30 ಜೋಡಿಸಿ 75 ಮಾಡಿ, ಮೂರೂವರೆಯ ಗಡಿಯಾರಕ್ಕೆ ಹಿಡಿದು "ಮುಳ್ಳುಗಳ ನಡುವೆ 90 ಇಲ್ಲ ಸಾರ್, ಚಿಕ್ಕ ಮುಳ್ಳೂ ಮುಂದೆ ಹೋಗಿದೆ" ಅಂತ ಕಂಡುಹಿಡಿದದ್ದೂ ಅದೇ ವಾರ.

ಸಾಹೇಬರು ಬಂದದ್ದು ಆ ವಾರದ ಕೊನೆಗೆ. ನೆಲದ ತುಂಬ ಪೇಪರ್ ಚೂರು. ಅವರು ಬಾಗಿಲಲ್ಲೇ ನಿಂತು ಕಸ ನೋಡಿದರು, ಆಮೇಲೆ ನನ್ನನ್ನು. ದೋಣಿಯ ಮಾತು ಆಗ ಬಂದದ್ದು. ಮುಖ್ಯ ಗುರುಗಳು ಅವರ ಹಿಂದೆ ನಿಂತು ನಕ್ಕರು. ಆ ನಗುವನ್ನು ನಾನು ಮರೆಯುವುದಿಲ್ಲ.

"ಅಳತೆ ಮಾಡಿ ನೋಡಿದೀರಾ?" ಜೊತೆಗೆ ಬಂದವರ ಬ್ಯಾಗಿನಿಂದ ಪ್ಲಾಸ್ಟಿಕ್ ಕೋನಮಾಪಕ ಬಂತು. ಸಾಹೇಬರು ಮುಂದಿನ ಸಾಲಿನಲ್ಲಿದ್ದ ಗಾರೆಯವರ ಮಗಳ ಪುಸ್ತಕ ಎಳೆದುಕೊಂಡರು. ಮಡಚಿದ ಕಾಗದವನ್ನು ಅಚ್ಚಿನ ಹಾಗೆ ಇಟ್ಟು ಅವಳು ಕೋನಗಳನ್ನು ಬರೆದುಕೊಂಡಿದ್ದಳು. 90ಕ್ಕೆ ಹಿಡಿದರು, 90 ಬಂತು. ನನ್ನ ಎದೆ ಸ್ವಲ್ಪ ಹಗುರಾಯಿತು. 60ಕ್ಕೆ ಹಿಡಿದರು. ಕನ್ನಡಕ ಮೇಲೆ ಮಾಡಿ ಬಗ್ಗಿ ನೋಡಿದರು. "58." 30ಕ್ಕೆ ಹಿಡಿದರು. "26. ನೋಡ್ರೀ, 26!" ಪುಸ್ತಕ ಎತ್ತಿ ಇಡೀ ತರಗತಿಗೆ ತೋರಿಸಿದರು. "ಈ ಮಕ್ಕಳು ಪರೀಕ್ಷೆಗೆ ಇದನ್ನೇ ಬರೆದರೆ ಯಾರು ಹೊಣೆ?"

ಹುಡುಗಿ ನನ್ನ ಕಡೆ ನೋಡಿದಳು. ಅವಳ ಮುಂದೆಯೇ ಕತ್ತರಿಸಿಟ್ಟ 60ರ ತ್ರಿಕೋನಗಳಿದ್ದವು. ಆರು ತುಂಡಿನ ಮೂಲೆಗಳನ್ನು ಒಂದು ಚುಕ್ಕೆಯ ಸುತ್ತ ಜೋಡಿಸಿದ್ದರೆ ಮುಗಿದಿತ್ತು. ನಿಜಕ್ಕೂ 58 ಆಗಿದ್ದರೆ ಆರಕ್ಕೆ 12 ಡಿಗ್ರಿಯ ಸಂದು ಬಾಯಿ ಬಿಟ್ಟುಕೊಂಡಿರಬೇಕು. 60 ಆಗಿದ್ದರೆ ಸಂದೇ ಇಲ್ಲ. ಅರ್ಧ ನಿಮಿಷದ ಕೆಲಸ. ನಾನು "ಸರಿ ಸಾರ್, ತಿದ್ಕೋತೀನಿ ಸಾರ್" ಅಂದೆ. ಅವಳು ತಲೆ ಬಗ್ಗಿಸಿ 60ನ್ನು ರಬ್ಬರಿನಲ್ಲಿ ಅಳಿಸತೊಡಗಿದಳು. ಅಳಿಸಬೇಡ ಅಂತಲೂ ನಾನು ಹೇಳಲಿಲ್ಲ.

ಟೀ ಗಡಿಬಿಡಿಯಲ್ಲಿ ಕೋನಮಾಪಕ ನನ್ನ ಮೇಜಿನ ಮೇಲೇ ಉಳಿಯಿತು. ಸಂಜೆ ಕೂತು ನೋಡಿದೆ. ಸೊನ್ನೆಯ ಗೆರೆ ಪ್ಲಾಸ್ಟಿಕ್ಕಿನ ಅಂಚಿನಲ್ಲಿರಲಿಲ್ಲ, ಅಂಚಿನಿಂದ 4 ಮಿಲಿಮೀಟರ್ ಒಳಗಿತ್ತು. ಸಾಹೇಬರು ಪುಸ್ತಕದ ಗೆರೆಗೆ ಕೂಡಿಸಿದ್ದು ಅಂಚನ್ನು. ಹಾಗೆ ಇಟ್ಟರೆ ಮಾಪಕದ ಕೇಂದ್ರ ಶೃಂಗಕ್ಕಿಂತ 4 ಮಿಲಿಮೀಟರ್ ಮೇಲೆ ಕೂರುತ್ತದೆ. ನೆಟ್ಟಗೆ ಮೇಲೇಳುವ ಗೆರೆ ಆ ಕೇಂದ್ರವನ್ನು ಹಾದೇ ಹೋಗುವುದರಿಂದ 90ಕ್ಕೆ ಏನೂ ಆಗುವುದಿಲ್ಲ. ಗೆರೆ ಮಲಗಿದಷ್ಟೂ ತಪ್ಪು ಬೆಳೆಯುತ್ತದೆ. 5 ಸೆಂಟಿಮೀಟರ್ ತ್ರಿಜ್ಯದ ಆ ಮಾಪಕದಲ್ಲಿ 60ಕ್ಕೆ ಸುಮಾರು ಎರಡು, 30ಕ್ಕೆ ನಾಲ್ಕು ಡಿಗ್ರಿ ಕಡಿಮೆ. 58, 26. ಅವರು ಓದಿದ್ದೇ!

ಮಾರನೇ ದಿನ ಮಕ್ಕಳಿಗೆ ಇದನ್ನು ತೋರಿಸಿದೆ. ಹುಡುಗಿ ಆರು ತುಂಡು ಜೋಡಿಸಿದಳು, ಸಂದು ಬರಲಿಲ್ಲ. ಆದರೆ ಅವಳು ನಗಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಸಾಹೇಬರದ್ದೇ ತಪ್ಪು ಅಂತ ಹಾಯಾಗಿರಬಹುದಿತ್ತು. ನನ್ನ ಹಟ ಇನ್ನೊಂದು ಕಡೆ ಕೆಟ್ಟದ್ದು ಮಾಡಿತು. ಆ ಸಿಟ್ಟಿಗೆ ವರ್ಷಪೂರ್ತಿ ತರಗತಿಗೆ ಕೋನಮಾಪಕ ತರಲಿಲ್ಲ. ಹೀಗೆ ಕಾಗದ ಮಡಚಿದರೆ ಸಿಗುವುದು 15ರ ಅಪವರ್ತ್ಯಗಳು ಮತ್ತು ಅವುಗಳ ಅರ್ಧ. 40, 65 ಈ ದಾರಿಯಲ್ಲಿ ಬರುವುದಿಲ್ಲ. ಅರ್ಧದ ಅರ್ಧ ಅಂತ ಹೋದರೂ ನೋಟ್‌ಬುಕ್ ಹಾಳೆಯಲ್ಲಿ 22.5 ಆದಮೇಲೆ ಪದರಗಳು ದಪ್ಪವಾಗಿ ಮಡಿಕೆ ಜರುಗುತ್ತದೆ. ಕ್ಯಾಲೆಂಡರ್ ಹಾಳೆಯಾದರೆ ಇನ್ನೂ ಬೇಗ. ಏಳನೇ ತರಗತಿಗೆ ಹೋದ ಮಕ್ಕಳು ಮಾಪಕದ ಎರಡು ಸಾಲು ಅಂಕಿ ನೋಡಿ ಕಂಗಾಲಾಗಿ 60ನ್ನು 120 ಅಂತ ಓದಿದರು. ಲಘುಕೋನಕ್ಕೆ 120 ಬರೆದದ್ದು ತಪ್ಪು ಅಂತ ತಾವೇ ಹಿಡಿದವರು, ಪುಸ್ತಕದೊಳಗೆ ಲಂಬಕೋನದ ಮಡಿಕೆಯನ್ನು ಇನ್ನೂ ಇಟ್ಟುಕೊಂಡಿದ್ದ ನಾಲ್ಕೈದು ಜನ. ಉಳಿದವರಿಗೆ ನಾನೇ ಅನ್ಯಾಯ ಮಾಡಿದ್ದೆ.

ಈ ವರ್ಷ ಜೂನ್‌ನಲ್ಲಿ ಅನುದಾನ ಬಂತು, ಬಾಕ್ಸುಗಳೂ ಬಂದವು. ಈಗಿನ ಆರನೇ ತರಗತಿಯವರಿಗೆ ಮಾಪಕ ಕೊಟ್ಟ ದಿನವೇ 30ರ ಮಡಿಕೆ ಮಾಡಿಸಿ, ಅದನ್ನು ಅಳೆಯಲು ಹೇಳಿದೆ. 26 ಬಂದವರೆಲ್ಲ ಅಂಚನ್ನು ಬಿಟ್ಟು ಸೊನ್ನೆಯ ಗೆರೆ ಹುಡುಕಿದರು. ಒಬ್ಬ ಹುಡುಗ ಮಾತ್ರ ಮಾರನೇ ದಿನ ಗುರುತೇ ಸಿಗದ ಮಾಪಕ ತಂದ. ರಾತ್ರಿ ಮನೆ ಮುಂದಿನ ಬಟ್ಟೆ ಒಗೆಯುವ ಕಲ್ಲಿಗೆ ಉಜ್ಜಿ ಉಜ್ಜಿ, ಆ 4 ಮಿಲಿಮೀಟರನ್ನು ಸೊನ್ನೆಯ ಗೆರೆಯವರೆಗೂ ಸವೆಸಿಬಿಟ್ಟಿದ್ದ.