ಹದಿಮೂರು ಅಂಕದ ಪಿಚ್ ಕಲಿಸಿದ ಐದು ಪಾಠ

ಇನ್‌ಕ್ಯುಬೇಟರ್ ಒಂದರಲ್ಲಿ ಸ್ಟಾರ್ಟಪ್‌ಗಳ ಪಿಚ್ ಓದಿ ಅಂಕ ಹಾಕುವುದು ನನ್ನ ಕೆಲಸ. ಹೂಡಿಕೆ ಸಂಸ್ಥೆ ಸೆಕೋಯಾ ಕ್ಯಾಪಿಟಲ್ ಎಲ್ಲರಿಗೂ ಸಿಗುವಂತೆ ಪ್ರಕಟಿಸಿರುವ ಪಟ್ಟಿಯೇ ನನ್ನ ಅಳತೆಗೋಲು: ಕಂಪನಿಯ ಉದ್ದೇಶ, ಸಮಸ್ಯೆ, ಪರಿಹಾರ, ಈಗಲೇ ಏಕೆ, ಮಾರುಕಟ್ಟೆ, ಸ್ಪರ್ಧೆ, ಆದಾಯದ ಮಾದರಿ, ತಂಡ, ಹಣಕಾಸು, ಮುನ್ನೋಟ. ವಿಷಯವೇ ಇಲ್ಲದಿದ್ದರೆ 0, ಬರೀ ಹೇಳಿಕೆಯಿದ್ದರೆ 1, ಹೇಳಿಕೆಗೆ ಆಧಾರವೂ ಇದ್ದರೆ 2. ಒಟ್ಟು 20.

ಒಮ್ಮೆ ಮೂವರು ಹುಡುಗರು 14 ಸ್ಲೈಡ್‌ಗಳ ಪಿಚ್ ತಂದರು. ಹಳ್ಳಿಯ ಹಾಲಿನ ಸೊಸೈಟಿಗಳಲ್ಲಿ ಹಾಲು ತಂಪಾಗಿಡುವ ದೊಡ್ಡ ಟ್ಯಾಂಕ್ ಇರುತ್ತದಲ್ಲ, ಅದರ ಉಷ್ಣಾಂಶ 4 ಡಿಗ್ರಿಗಿಂತ ಮೇಲೇರಿದರೆ ಮೊಬೈಲಿಗೆ ಸುದ್ದಿ ಮುಟ್ಟಿಸುವ ಸಾಧನ ಅವರದು. ಆ ಪಿಚ್‌ಗೆ ಅಂಕ ಹಾಕುವಾಗ ಕಲಿತದ್ದು ಇಷ್ಟು.

1. ತಲೆಬರಹ ನೋಡಿ ಅಂಕ ಹಾಕಬಾರದು.
ಅವರ ಪಿಚ್‌ನಲ್ಲಿ 'ಸ್ಪರ್ಧೆ' ಎಂಬ ಸ್ಲೈಡ್ ಇತ್ತು. ಒಳಗಿದ್ದದ್ದು ಒಂದೇ ಸಾಲು: 'ನಮಗೆ ಸ್ಪರ್ಧಿಗಳಿಲ್ಲ'. ಇದು ವಿಷಯವನ್ನೇ ಬಿಟ್ಟಂತೆ ಎಂದು ಸೊನ್ನೆ ಹಾಕಿದೆ. ಸೊಸೈಟಿ ಸೆಕ್ರೆಟರಿ ದಿನಕ್ಕೆರಡು ಸಲ ಉಷ್ಣಾಂಶ ಬರೆದಿಡುವ ನೋಟ್‌ಬುಕ್ ಇದೆಯಲ್ಲ, ಅದೇ ಅವರ ಮೊದಲ ಸ್ಪರ್ಧಿ. ಅದಕ್ಕೆ ಖರ್ಚೇ ಇಲ್ಲ. ಇತ್ತ 'ಆದಾಯದ ಮಾದರಿ' ಎಂಬ ಸ್ಲೈಡೇ ಇರಲಿಲ್ಲ. ಆದರೆ ಒಂಬತ್ತನೇ ಸ್ಲೈಡಿನ ಮೂಲೆಯಲ್ಲಿ, ಟ್ಯಾಂಕಿಗೆ ತಿಂಗಳಿಗೆ 500 ರೂಪಾಯಿ, ಕೊಡುವುದು ಸೊಸೈಟಿಯಲ್ಲ, ಜಿಲ್ಲಾ ಒಕ್ಕೂಟ ಎಂದಿತ್ತು. ಹಾಗೆ ಕೊಡುತ್ತಿರುವ ಹನ್ನೆರಡು ಟ್ಯಾಂಕುಗಳ ಲೆಕ್ಕವೂ ಇತ್ತು. ಎರಡು ಅಂಕ.

2. ಅಂಕದ ಪಕ್ಕ ಸ್ಲೈಡ್ ಸಂಖ್ಯೆ ಬರೆಯಬೇಕು.
ಯಾವ ಸ್ಲೈಡಿನ ಯಾವ ಸಾಲಿಗೆ ಈ ಅಂಕ ಎಂದು ಬರೆಯಲಾಗದಿದ್ದರೆ, ಹುಡುಗರ ಮಾತಿನ ಚುರುಕಿಗೆ ನಾನು ಮರುಳಾಗಿದ್ದೇನೆ ಎಂದರ್ಥ. 'ಈಗಲೇ ಏಕೆ' ಎಂಬುದಕ್ಕೆ ಮೊದಲು 1 ಹಾಕಿದ್ದೆ. ಸಾಲು ಹುಡುಕಿದರೆ ಎಲ್ಲೂ ಇಲ್ಲ! ಐದು ವರ್ಷದ ಹಿಂದೆ ಸಾಧನಕ್ಕೆ 18 ಸಾವಿರ ಬೀಳುತ್ತಿತ್ತು, ಈಗ 6 ಸಾವಿರ ಎಂದು ಚಹಾ ಕುಡಿಯುವಾಗ ಹೇಳಿದ್ದರು. ಒಳ್ಳೆಯ ಉತ್ತರವೇ, ಆದರೆ ಪಿಚ್ ಓದುವ ಹೂಡಿಕೆದಾರ ಆ ಚಹಾಕ್ಕೆ ಬಂದಿರಲಿಲ್ಲ. ಅಂಕ ಸೊನ್ನೆಗಿಳಿಯಿತು.

3. ಮೊತ್ತ ಸೊನ್ನೆಗಳನ್ನು ಮುಚ್ಚುತ್ತದೆ.
ಒಟ್ಟು 13 ಬಂತು. ಪರೀಕ್ಷೆಯಾಗಿದ್ದರೆ ಪ್ರಥಮ ದರ್ಜೆ. ಆದರೆ ಎರಡು ವಿಭಾಗಕ್ಕೆ ಸೊನ್ನೆ. ಮಾರುಕಟ್ಟೆ, ಹಣಕಾಸು, ಮುನ್ನೋಟಕ್ಕೆ ಒಂದೊಂದೇ. ಹತ್ತರಲ್ಲೂ ಒಂದೊಂದು ಅಂಕ ಪಡೆದ ಪಿಚ್‌ಗೂ ಇದಕ್ಕೂ ಬೇಕಾದ ಮದ್ದು ಬೇರೆ. ಅಲ್ಲಿ ಎಲ್ಲದಕ್ಕೂ ಆಧಾರ ಹುಡುಕಬೇಕು, ಇಲ್ಲಿ ಎರಡು ಸ್ಲೈಡ್ ಹೊಸದಾಗಿ ಬರೆಯಬೇಕು. ಹಾಗಾಗಿ ವರದಿಯಲ್ಲಿ ನಾನು ಮೊತ್ತವನ್ನು ಕೊನೆಗೆ ಬರೆಯುತ್ತೇನೆ, ಬಿಟ್ಟುಹೋದ ಭಾಗಗಳನ್ನು ಮೊದಲು.

4. ದೊಡ್ಡ ಸಂಖ್ಯೆ ಆಧಾರವಲ್ಲ.
ಮಾರುಕಟ್ಟೆಯ ಸ್ಲೈಡಿನಲ್ಲಿ ದೇಶದ ಇಡೀ ಹಾಲಿನ ವಹಿವಾಟು ಇತ್ತು, ಕೆಳಗೆ 'ಅದರಲ್ಲಿ ಶೇ. 1 ಸಿಕ್ಕರೂ ಸಾಕು' ಎಂದಿತ್ತು. ಹಾಲು ಮಾರುವವರು ಇವರಲ್ಲವಲ್ಲ! ನಾವು ಕೆಳಗಿನಿಂದ ಎಣಿಸಿದೆವು. ಅವರು ಮಾತುಕತೆ ನಡೆಸಿರುವ ಮೂರು ಒಕ್ಕೂಟಗಳಲ್ಲಿ 900 ಟ್ಯಾಂಕು. ತಿಂಗಳಿಗೆ 500ರಂತೆ ಎಲ್ಲವೂ ಸೇರಿದರೆ ವರ್ಷಕ್ಕೆ 54 ಲಕ್ಷ. ಚಿಕ್ಕದಾದರೂ ಇದಕ್ಕೆ ಎರಡು ಅಂಕ ಕೊಡಬಹುದು, ಏಕೆಂದರೆ ಪ್ರತಿ ಅಂಕಿಯನ್ನೂ ಕೇಳಿ ತಿಳಿಯಬಹುದು.

5. ವಿಭಾಗಗಳು ಒಂದಕ್ಕೊಂದು ತಾಳೆಯಾಗಬೇಕು.
ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಹಣಕಾಸಿನ ಸ್ಲೈಡಿನಲ್ಲಿ ಒಂದೂವರೆ ಕೋಟಿ ಕೇಳಿದ್ದರು, ತಿಂಗಳ ಖರ್ಚು 9 ಲಕ್ಷ. ಅಂದರೆ ಹದಿನಾರು ತಿಂಗಳಿಗೆ ಸ್ವಲ್ಪ ಹೆಚ್ಚು. ಅಷ್ಟರಲ್ಲಿ 900 ಟ್ಯಾಂಕೂ ಸಿಕ್ಕಿದವು ಎಂದುಕೊಂಡರೂ ತಿಂಗಳ ಆದಾಯ ನಾಲ್ಕೂವರೆ ಲಕ್ಷ, ಖರ್ಚಿನ ಅರ್ಧ. ಬೇರೆ ಬೇರೆಯಾಗಿ ಓದಿದರೆ ಎರಡೂ ಲೆಕ್ಕ ಸರಿ, ಕೂಡಿಸಿ ಓದಿದರೆ ಹಣ ಮುಗಿದು ಕಂಪನಿ ನಿಲ್ಲುತ್ತದೆ. ವಿಭಾಗವಾರು ಅಂಕದಲ್ಲಿ ಇದು ಕಾಣುವುದೇ ಇಲ್ಲ. ಅದಕ್ಕೇ ಈಗ ಹಾಳೆಯ ಕೊನೆಯಲ್ಲಿ ಅಂಕವಿಲ್ಲದ ಒಂದು ಸಾಲು ಇಟ್ಟಿದ್ದೇನೆ: 'ಮಾರುಕಟ್ಟೆ, ಬೆಲೆ, ಖರ್ಚು ಕೂಡುತ್ತವೆಯೇ?'

ಹುಡುಗರು ಮೂರು ವಾರ ಬಿಟ್ಟು ಬಂದರು. ನೋಟ್‌ಬುಕ್ಕನ್ನು ಸ್ಪರ್ಧಿ ಎಂದು ಒಪ್ಪಿಕೊಂಡಿದ್ದರು, ತಿಂಗಳ ಖರ್ಚನ್ನು 5 ಲಕ್ಷಕ್ಕೆ ಇಳಿಸಿದ್ದರು, ಇನ್ನೆರಡು ಒಕ್ಕೂಟಗಳ ಟ್ಯಾಂಕು ಎಣಿಸಿ ತಂದಿದ್ದರು. ನಿಮ್ಮ ಪಿಚ್ ಯಾರಿಗಾದರೂ ಕಳಿಸುವ ಮುಂಚೆ ಹತ್ತು ಸಾಲಿನ ಈ ಹಾಳೆಯನ್ನು ನೀವೇ ತುಂಬಿ ನೋಡಿ. ಯಾವ ಸಾಲಿನ ಮುಂದೆ ಸ್ಲೈಡ್ ಸಂಖ್ಯೆ ಬರೆಯಲಾಗುವುದಿಲ್ಲವೋ ಅಲ್ಲಿಂದ ಕೆಲಸ ಶುರು ಮಾಡಿ.