ಬಟವಾಡೆ ಕಡಿತದ ದೂರಿಗೆ ಸಂಘದ ಉತ್ತರ ಹೇಗಿರಬೇಕು?



ಬಟವಾಡೆಯ ದಿನ ಹಾಲಿನ ಹಣದಲ್ಲಿ ಪಶು ಆಹಾರ, ಕೃತಕ ಗರ್ಭಧಾರಣೆ ಮತ್ತು ಚಿಕಿತ್ಸೆಯ ಬಾಬ್ತು ಕಡಿತವಾದಾಗ, "ಇಷ್ಟೇಕೆ ಹಿಡಿದಿರಿ?" ಎಂದು ಕೇಳುವುದು ಸದಸ್ಯರ ಹಕ್ಕು. ಕಡಿತ ಸರಿಯಿದ್ದರೂ "ಪುಸ್ತಕದಲ್ಲಿ ಹಾಗೇ ಇದೆ" ಎಂದಷ್ಟೇ ಹೇಳಿದರೆ ಅನುಮಾನ ಉಳಿಯುತ್ತದೆ. ಮುಂದೆ ಹಸು ಕಾಯಿಲೆ ಬಿದ್ದಾಗ ಆ ಸದಸ್ಯರು ವೈದ್ಯರನ್ನು ಕರೆಯಲು ಹಿಂಜರಿಯುತ್ತಾರೆ. ಆದ್ದರಿಂದ ದೂರನ್ನು ಒಪ್ಪಲಾಗದಿದ್ದಾಗ ಉತ್ತರ ಹೇಗಿರಬೇಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿನ ದರಗಳು ಲೆಕ್ಕಕ್ಕಾಗಿ ಹಾಕಿಕೊಂಡವು.

ಜೂನ್ ತಿಂಗಳಿಗೆ ಒಬ್ಬ ಸದಸ್ಯರ ಹಣದಿಂದ ಒಟ್ಟು 4,340 ರೂ. ಕಡಿತವಾಗಿದೆ. ತಾವು ಪಡೆದದ್ದು ಎರಡು ಚೀಲ ಆಹಾರ, ಒಂದು ಗರ್ಭಧಾರಣೆ, ಒಂದು ತುರ್ತು ಭೇಟಿ, ಒಂದು ಬಾಟಲಿ ಕ್ಯಾಲ್ಸಿಯಂ ಮಾತ್ರ. ಹೆಚ್ಚಾಗಿ ಹಿಡಿದ 1,570 ರೂ. ವಾಪಸು ಕೊಡಿ ಎಂದು ಅವರು ಬರೆದಿದ್ದಾರೆ. ಸಂಘದ ಕಾರ್ಯದರ್ಶಿ ಹೀಗೆ ಉತ್ತರಿಸಬಹುದು:

"ಮಾನ್ಯರೇ, ತಮ್ಮ ಪತ್ರ ತಲುಪಿತು. ತಾವು ಹೇಳಿದ ಪ್ರತಿ ಬಾಬ್ತನ್ನೂ ಮೂಲ ದಾಖಲೆಯೊಂದಿಗೆ ತಾಳೆ ನೋಡಿದ್ದೇವೆ. ಕಡಿತ ಸರಿಯಿರುವುದರಿಂದ 1,570 ರೂ. ಹಿಂದಿರುಗಿಸಲು ಸಾಧ್ಯವಾಗುತ್ತಿಲ್ಲವೆಂದು ವಿನಯದಿಂದ ತಿಳಿಸುತ್ತೇವೆ. ವಿವರ ಹೀಗಿದೆ.

ಪಶು ಆಹಾರ, 1,200 ರೂ.: ಜೂನ್‌ನಲ್ಲಿ ತಾವು ಒಯ್ದದ್ದು ಎರಡೇ ಚೀಲ, ನಿಜ. ಮೂರನೆಯದನ್ನು ಮೇ 31ರ ಸಂಜೆ, ಆ ತಿಂಗಳ ಲೆಕ್ಕ ಮುಗಿದ ಮೇಲೆ ಒಯ್ದಿದ್ದೀರಿ. ಮೇ ಬಟವಾಡೆಯಲ್ಲಿ ಇದನ್ನು ಹಿಡಿದಿಲ್ಲ. ತಮ್ಮ ಸಹಿಯಿರುವ ರಸೀದಿಯ ಪ್ರತಿ ಲಗತ್ತಿಸಿದೆ.

ಗರ್ಭಧಾರಣೆ, 100 ರೂ.: ತಮ್ಮ ಕಪ್ಪು ಹಸುವಿಗೆ ಜೂನ್ 3 ಮತ್ತು 24ರಂದು ಗರ್ಭಧಾರಣೆ ಮಾಡಲಾಗಿದೆ. ನಡುವೆ 21 ದಿನ ಇರುವುದರಿಂದ ಇದು ಮರಳಿ ಬಂದ ಬೆದೆ. ಎರಡು ಬಾರಿಯೂ ಬೇರೆ ಬೇರೆ ವೀರ್ಯ ನಳಿಕೆ ಬಳಸಿದ್ದು, ಹೋರಿಯ ಸಂಖ್ಯೆ ತಮ್ಮ ಮನೆಯ ಕಾರ್ಡಿನಲ್ಲೂ ನಮ್ಮ ವಹಿಯಲ್ಲೂ ಒಂದೇ ರೀತಿ ಇದೆ.

ತುರ್ತು ಭೇಟಿ 150 ರೂ., ಕ್ಯಾಲ್ಸಿಯಂ 120 ರೂ.: ಈದ ಹಸು ಹಾಲು ಜ್ವರದಿಂದ ಮಲಗಿದ್ದಾಗ ಜೂನ್ 12ರ ರಾತ್ರಿ ಒಂದು ಬಾಟಲಿ ಕೊಡಲಾಯಿತು. ಹಸು ಎದ್ದಿತು. ಮರುದಿನ ಬೆಳಿಗ್ಗೆ ಮತ್ತೆ ಮಲಗಿದ್ದರಿಂದ ತಮ್ಮ ಮನೆಯಿಂದಲೇ ಕರೆ ಬಂದು ವೈದ್ಯರು ಎರಡನೇ ಬಾರಿ ಬಂದರು. ಎರಡೂ ಭೇಟಿಯ ಸಮಯ, ಬಾಟಲಿಗಳ ಬ್ಯಾಚ್ ಸಂಖ್ಯೆ ಮತ್ತು ತಮ್ಮ ಮಗನ ಸಹಿ ಚಿಕಿತ್ಸಾ ವಹಿಯಲ್ಲಿವೆ.

ಮೂಲ ದಾಖಲೆಗಳನ್ನು ಯಾವ ದಿನವಾದರೂ ಹಾಲು ಹಾಕುವ ವೇಳೆಗೆ ಬಂದು ನೋಡಬಹುದು. ಸಮಾಧಾನವಾಗದಿದ್ದರೆ ಆಡಳಿತ ಮಂಡಳಿಗೆ ಬರೆಯಿರಿ; ಮುಂದಿನ ಸಭೆಯಲ್ಲಿ ಇಡುತ್ತೇವೆ."

ಈ ಉತ್ತರದಲ್ಲಿ 'ಆಗುವುದಿಲ್ಲ' ಎಂಬುದನ್ನು ಮೊದಲೇ ಹೇಳಿದೆ, ಸದಸ್ಯರು ಸುಳ್ಳು ಹೇಳಿದರೆಂದು ಎಲ್ಲೂ ಹೇಳಿಲ್ಲ. ಜೂನ್‌ನಲ್ಲಿ ಎರಡೇ ಚೀಲ ಎಂಬ ಅವರ ಮಾತು ನಿಜವೆಂದು ಒಪ್ಪಿ, ವ್ಯತ್ಯಾಸ ಎಲ್ಲಿಂದ ಬಂತೆಂದು ತೋರಿಸಿದೆ. ರಾತ್ರಿ ಬಂದ ವೈದ್ಯರೇ ಬೆಳಿಗ್ಗೆ ಬಂದದ್ದು ಮನೆಯ ಯಜಮಾನರಿಗೆ ತಿಳಿಯದಿರಲೂಬಹುದು.

ಚಿಕಿತ್ಸೆಯ ಬಾಬ್ತಿನಲ್ಲಿ ಕಾರಣವನ್ನೂ ತಿಳಿದಿರಬೇಕು. ಈದ ಹಸುವಿನ ರಕ್ತದ ಸುಣ್ಣದ ಅಂಶ ಗಿಣ್ಣುಹಾಲಿನೊಂದಿಗೆ ಕೆಚ್ಚಲಿಗೆ ಇಳಿಯುತ್ತಲೇ ಇರುತ್ತದೆ. ಬಾಟಲಿಯಿಂದ ಕೊಟ್ಟದ್ದು ಕೆಲವು ಗಂಟೆ ಮಾತ್ರ ಆಸರೆಯಾಗುತ್ತದೆ. ಅಷ್ಟರಲ್ಲಿ ಹಸುವಿನ ಮೂಳೆ ಮತ್ತು ಕರುಳು ಸುಣ್ಣ ಒದಗಿಸದಿದ್ದರೆ ಹಸು ಮತ್ತೆ ಮಲಗುತ್ತದೆ. ಎರಡನೇ ಬಾಟಲಿ ಬೇಕಾದದ್ದು ಇದಕ್ಕೇ. ಹಾಗೆಯೇ ಬೆದೆ ಸಾಮಾನ್ಯವಾಗಿ 18ರಿಂದ 24 ದಿನಕ್ಕೆ ಮರಳುತ್ತದೆ. ಗರ್ಭಧಾರಣೆಯ ಶುಲ್ಕ ಆ ದಿನದ ಕೆಲಸಕ್ಕೆ; ಹಸು ಗಬ್ಬ ನಿಲ್ಲುತ್ತದೆಂಬ ಭರವಸೆಗಲ್ಲ. ಮೂರು ಸಲ ಬೆದೆ ಮರಳಿದರೆ ನಾಲ್ಕನೆಯದಕ್ಕೆ ಮೊದಲು ಗರ್ಭಕೋಶ ಪರೀಕ್ಷೆ ಮಾಡಿಸಿ.

ಇನ್ನು ಸಾಕ್ಷ್ಯದ ವಿಚಾರ. ಸಂಘದ ಖಾತೆ ಪುಸ್ತಕ ಒಂದೇ ಸಾಲದು. ಅದು ಸಂಘದವರೇ ಬರೆದದ್ದು. ಸದಸ್ಯರ ಸಹಿ ಅಥವಾ ಹೆಬ್ಬೆಟ್ಟು, ಮನೆಯಲ್ಲಿರುವ ಕಾರ್ಡು, ಬಾಟಲಿಯ ಸಂಖ್ಯೆ ಅದಕ್ಕೆ ಹೊಂದಬೇಕು. ರಸೀದಿಯಲ್ಲಿ ಸಹಿಯೇ ಇಲ್ಲದಿದ್ದರೆ ಇಂಥ ನಿರಾಕರಣೆಯ ಪತ್ರ ಬರೆಯಬಾರದು. ಕಾರ್ಡಿನಲ್ಲಿ ಎರಡು ಗರ್ಭಧಾರಣೆಗಳ ನಡುವೆ ಒಂದೇ ದಿನದ ಅಂತರವಿದ್ದರೆ ಅದು ಒಂದೇ ಬೆದೆ, ಶುಲ್ಕ ಎರಡು ಸಲ ಹಿಡಿಯಬಹುದೇ ಎಂದು ಸಂಘದ ನಿಯಮ ನೋಡಬೇಕು.

ಆದ್ದರಿಂದ ಗರ್ಭಧಾರಣೆಯ ಕಾರ್ಡು ಮತ್ತು ಆಹಾರದ ರಸೀದಿಗಳನ್ನು ಪಾಸ್ ಪುಸ್ತಕದೊಳಗೇ ಇಡಿ. ಮನೆಯವರು ಸಹಿ ಮಾಡಿದ ದಿನವೇ ನಿಮಗೆ ತಿಳಿಸುವಂತೆ ಹೇಳಿ. ಕಡಿತ ಹೆಚ್ಚೆನಿಸಿದರೆ ಒಟ್ಟು ಮೊತ್ತವನ್ನು ಪ್ರಶ್ನಿಸದೆ, ಯಾವ ಬಾಬ್ತು, ಯಾವ ತಾರೀಖು ಎಂದು ಬರೆದು ಕೇಳಿ.